ಕಾಲ್‌ನಲ್ಲಿ ಇದ್ದ ಬೆಲೆ 240, ತಮ್ಮ ಕೊಂಡ ಬೆಲೆ 247: ಅವನಿಗೆ ಬರೆದ ಪತ್ರವನ್ನು ಒಮ್ಮೆ ಓದಿ ಹೇಳಿ

ದೊಡ್ಡಕ್ಕ

ನನ್ನ ಚಿಕ್ಕಪ್ಪನ ಮಗ ಕೆಲಸಕ್ಕೆ ಸೇರಿದ ಮೇಲೆ ಉಳಿತಾಯದ ಹಣದಲ್ಲಿ ಷೇರು ವ್ಯವಹಾರ ಆರಂಭಿಸಿದ್ದಾನೆ. ಸಾಮಾಜಿಕ ಜಾಲತಾಣದ ಒಂದು ಗುಂಪಿನಲ್ಲಿ ಬರುವ, ‘ಈ ಷೇರನ್ನು ಕೊಳ್ಳಿ’ ಎಂಬ ಬೈ ಕಾಲ್‌ಗಳನ್ನು ನೋಡಿದ ಕೂಡಲೇ, ಚಾರ್ಟನ್ನು ತೆರೆಯದೆಯೇ ಕೊಂಡುಬಿಡುತ್ತಾನೆ. ಬಾಯಿಮಾತಿನಲ್ಲಿ ಹೇಳಿದರೆ ವಾದಕ್ಕೆ ತಿರುಗುತ್ತದೆ ಎಂದು ತಿಳಿದು, ಅವನ ಒಂದೇ ಒಂದು ಖರೀದಿಯನ್ನು ಮುಂದಿಟ್ಟುಕೊಂಡು ಪತ್ರ ಬರೆದಿದ್ದೇನೆ. ಷೇರಿನ ಹೆಸರನ್ನೂ ಗುಂಪಿನ ಹೆಸರನ್ನೂ ತೆಗೆದಿದ್ದೇನೆ. ಕಳಿಸುವ ಮೊದಲು, ಲೆಕ್ಕದಲ್ಲಾಗಲಿ ತರ್ಕದಲ್ಲಾಗಲಿ ದೋಷ ಕಂಡರೆ ದಯವಿಟ್ಟು ತಿಳಿಸಿ.

ಪ್ರೀತಿಯ ತಮ್ಮ,

ನೀನು ಕಳಿಸಿದ ಸ್ಕ್ರೀನ್‌ಶಾಟ್‌ಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದೆ. ಗುಂಪಿನಲ್ಲಿ ಬೆಳಿಗ್ಗೆ 10.12ಕ್ಕೆ ಬಂದ ಸಂದೇಶದಲ್ಲಿ ಇದ್ದದ್ದು ಇಷ್ಟು: 240ರ ಮೇಲೆ ಕೊಳ್ಳಿ, ಸ್ಟಾಪ್‌ಲಾಸ್ 232, ಟಾರ್ಗೆಟ್ 256. ನೀನು ಅದನ್ನು ನೋಡಿ ಆರ್ಡರ್ ಹಾಕಿದ್ದು 10.31ಕ್ಕೆ, ನಿನಗೆ ಷೇರು ಸಿಕ್ಕಿದ್ದು 247ಕ್ಕೆ. ‘ಅವರು ಹೇಳಿದ್ದನ್ನೇ ಕೊಂಡಿದ್ದೇನೆ ಅಕ್ಕಾ’ ಎಂದು ನೀನು ಬರೆದಿದ್ದೀಯ. ನೀನು ಕೊಂಡ ಷೇರು ಅವರು ಹೇಳಿದ್ದೇ ಆದರೂ, ನೀನು ಮಾಡಿದ ವ್ಯವಹಾರ ಮಾತ್ರ ಬೇರೆಯೇ ಆಗಿದೆ ಎಂಬುದನ್ನು ತೋರಿಸುವುದಕ್ಕಾಗಿಯೇ ಈ ಪತ್ರ.

240ಕ್ಕೆ ಕೊಂಡವನು ತಪ್ಪಿ 232ಕ್ಕೆ ಮಾರಿ ಹೊರಬಂದರೆ ಒಂದು ಷೇರಿಗೆ 8 ಕಳೆದುಕೊಳ್ಳುತ್ತಾನೆ, ಸರಿಯಾಗಿ 256ಕ್ಕೆ ಮಾರಿದರೆ 16 ಗಳಿಸುತ್ತಾನೆ. ಇಂಥ ಮೂರು ಕಾಲ್‌ಗಳಲ್ಲಿ ಎರಡು ಸೋತು ಒಂದು ಗೆದ್ದರೂ ಅವನ ಗಂಟು ಕರಗುವುದಿಲ್ಲ. 247ಕ್ಕೆ ಕೊಂಡ ನೀನು ಅದೇ ಸ್ಟಾಪ್‌ಲಾಸ್ ಇಟ್ಟುಕೊಂಡರೆ ತಪ್ಪಿದಾಗ 15 ಕಳೆದುಕೊಳ್ಳುತ್ತೀಯ, ಸರಿಯಾದಾಗ 9 ಮಾತ್ರ ಗಳಿಸುತ್ತೀಯ. ಅಂದರೆ ಎಂಟು ಕಾಲ್‌ಗಳಲ್ಲಿ ಐದು ಗೆದ್ದರೆ ನಿನ್ನ ಲಾಭ ಐದು ಒಂಬತ್ತಲ ನಲವತ್ತೈದು, ಸೋತ ಮೂರರ ನಷ್ಟವೂ ಮೂರು ಹದಿನೈದಲ ನಲವತ್ತೈದು. ದಲ್ಲಾಳಿ ಶುಲ್ಕವನ್ನು ಬಿಟ್ಟು ಹೇಳಿದರೂ, ಎಂಟರಲ್ಲಿ ಐದು ಗೆದ್ದ ಮೇಲೆ ನಿನ್ನ ಕೈಗೆ ಬರುವುದು ಸೊನ್ನೆ. ಕಾಲ್ ಕೊಟ್ಟವನು ಮೂರರಲ್ಲಿ ಒಂದು ಗೆದ್ದು ತಲುಪುವ ಜಾಗಕ್ಕೆ ನೀನು ಎಂಟರಲ್ಲಿ ಐದು ಗೆದ್ದು ತಲುಪಬೇಕಾಗಿದೆ. ಆ ಹತ್ತೊಂಬತ್ತು ನಿಮಿಷಗಳಲ್ಲಿ ಏರಿದ ಏಳು ಅಂಕಗಳೇ ಇಷ್ಟು ವ್ಯತ್ಯಾಸವನ್ನು ಮಾಡಿವೆ.

ಇನ್ನು ಆ ಮೂರು ಸಂಖ್ಯೆಗಳು ಎಲ್ಲಿಂದ ಬಂದವು ಎಂಬುದನ್ನು ನೋಡೋಣ. ನೀನು ದಿನದ ಚಾರ್ಟನ್ನು ತೆರೆದು ಎರಡು ವರ್ಷದಷ್ಟು ಹಿಂದಕ್ಕೆ ಸರಿಸು. ಕಳೆದ ಎರಡು ತಿಂಗಳಲ್ಲಿ ಬೆಲೆ ಮೂರು ಸಲ 240ರ ಆಸುಪಾಸಿಗೆ ಬಂದು ಹಿಂದಿರುಗಿದೆ, ಕೊನೆಯ ಸಲ ಕೆಳಗೆ ಹೋದಾಗ 233ರಲ್ಲಿ ನಿಂತಿದೆ. ಹಾಗಾಗಿ 240ರ ಮೇಲೆ ಕೊಳ್ಳಿ ಎಂದದ್ದಕ್ಕೂ, 233ಕ್ಕಿಂತ ಸ್ವಲ್ಪ ಕೆಳಗೆ 232ರಲ್ಲಿ ಸ್ಟಾಪ್‌ಲಾಸ್ ಇಟ್ಟದ್ದಕ್ಕೂ ಕಾರಣವಿದೆ. ಆ ಮಟ್ಟಿಗೆ ಕಾಲ್ ಕೊಟ್ಟವರು ಚಾರ್ಟ್ ನೋಡಿಯೇ ಕೊಟ್ಟಿದ್ದಾರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇನ್ನೂ ಹಿಂದಕ್ಕೆ ಹೋದರೆ, ಸುಮಾರು ಒಂದು ವರ್ಷದ ಕೆಳಗೆ ಬೆಲೆ 251-252ರವರೆಗೆ ಏರಿ, ಬಹಳ ದೊಡ್ಡ ವಾಲ್ಯೂಮಿನೊಂದಿಗೆ, ಅಂದರೆ ಬಹಳಷ್ಟು ಷೇರುಗಳು ಕೈಬದಲಾಗಿ, ಕುಸಿದಿರುವುದು ಕಾಣುತ್ತದೆ. ಅಂದು ಮೇಲೆ ಕೊಂಡು ಸಿಕ್ಕಿಕೊಂಡವರಲ್ಲಿ ಅನೇಕರು, ಅಸಲು ಬಂದರೆ ಸಾಕು ಎಂದು ಅಲ್ಲಿಯೇ ಮಾರಲು ಕಾದಿರುತ್ತಾರೆ. 240ಕ್ಕೆ ಕೊಂಡವನಿಗೆ ಆ ಗೋಡೆ ಹನ್ನೊಂದು ಅಂಕ ದೂರದಲ್ಲಿದೆ. ಅವನು ಅಲ್ಲಿ ಅರ್ಧ ಮಾರಿ ಉಳಿದದ್ದನ್ನು ನಿಶ್ಚಿಂತೆಯಿಂದ ಇಟ್ಟುಕೊಳ್ಳಬಹುದು. ನಿನಗೆ ಅದು ನಾಲ್ಕೇ ಅಂಕ ದೂರದಲ್ಲಿದೆ. ನಾಲ್ಕು ಗಳಿಸುವುದಕ್ಕಾಗಿ ಹದಿನೈದನ್ನು ಪಣಕ್ಕಿಡುವ ವ್ಯವಹಾರವನ್ನು, ಯಾರೂ ಹೇಳದಿದ್ದರೆ, ನೀನಾಗಿಯೇ ಎಂದಾದರೂ ಮಾಡುತ್ತಿದ್ದೆಯಾ?

ಆಮೇಲೆ ಆದದ್ದು ನಿನಗೆ ಗೊತ್ತು. ಬೆಲೆ 250 ಮುಟ್ಟಿತು, ಗುಂಪಿನಲ್ಲಿ ‘10 ಅಂಕ ಲಾಭ’ ಎಂದು ಬಂತು, ಎಲ್ಲರೂ ಅಭಿನಂದಿಸಿದರು. ಅದು ಸುಳ್ಳಲ್ಲ, 240ಕ್ಕೆ ಕೊಂಡವನಿಗೆ ಅದು ನಿಜ. ಆ ಕ್ಷಣದಲ್ಲಿ ನಿನ್ನ ಲಾಭ ಮೂರೇ ಅಂಕ ಇತ್ತು. ಈಗ ಬೆಲೆ 241ಕ್ಕೆ ಇಳಿದಿದೆ. ಅವನು ಇನ್ನೂ ಲಾಭದಲ್ಲಿದ್ದಾನೆ, ನೀನು ಷೇರಿಗೆ ಆರು ಅಂಕ ನಷ್ಟದಲ್ಲಿದ್ದೀಯ, ಮತ್ತು ನಿನ್ನ ಖಾತೆಯಲ್ಲಿ ಸ್ಟಾಪ್‌ಲಾಸ್ ಆರ್ಡರ್ ಇಲ್ಲವೇ ಇಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ನೀನು ಕೊಂಡ ಪ್ರಮಾಣ. ನಿನ್ನ ಬಳಿ ಇದ್ದ 50,000ದಲ್ಲಿ 49,400 ಹಾಕಿ 200 ಷೇರು ಕೊಂಡಿದ್ದೀಯ. 232ಕ್ಕೆ ಹೊರಬಂದರೆ 3,000 ಹೋಗುತ್ತದೆ, ಅಂದರೆ ನಿನ್ನ ಬಂಡವಾಳದ ಶೇಕಡಾ 6. ಒಂದು ವ್ಯವಹಾರದಲ್ಲಿ ಶೇಕಡಾ 1ಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದು ಎಂದು ಬಹುಮಂದಿ ಅನುಭವಿಗಳು ಪಾಲಿಸುವ ಮಿತಿಯನ್ನು ಹಿಡಿದರೆ ನೀನು 500ಕ್ಕಿಂತ ಹೆಚ್ಚು ಪಣಕ್ಕಿಡುವಂತಿಲ್ಲ. 247ಕ್ಕೆ ಕೊಳ್ಳುವುದಾಗಿದ್ದರೆ 500ನ್ನು 15ರಿಂದ ಭಾಗಿಸಿ 33 ಷೇರು ಕೊಳ್ಳಬೇಕಾಗಿತ್ತು. ಎಷ್ಟು ಕೊಳ್ಳಬೇಕು ಎಂಬುದನ್ನು ಯಾವ ಕಾಲ್ ಕೂಡ ಹೇಳುವುದಿಲ್ಲ, ಹೇಳುವುದಕ್ಕೆ ಸಾಧ್ಯವೂ ಇಲ್ಲ, ಏಕೆಂದರೆ ನಿನ್ನ ಬಳಿ ಎಷ್ಟು ಹಣವಿದೆ ಎಂಬುದು ಅವರಿಗೆ ಗೊತ್ತಿಲ್ಲ.

ಮುಂದಿನ ಸಲ ಕಾಲ್ ಬಂದಾಗ ಬೆಲೆ ಎಷ್ಟಿದೆ ಎಂದು ನೋಡು, ಅಲ್ಲಿಂದ ಸ್ಟಾಪ್‌ಲಾಸ್‌ಗೆ ಎಷ್ಟು ದೂರ, ಏರುವ ಬೆಲೆಯನ್ನು ತಡೆಯುವ ಮೇಲಿನ ಮೊದಲ ರೆಸಿಸ್ಟೆನ್ಸ್‌ಗೆ ಎಷ್ಟು ದೂರ ಎಂದು ಕಾಗದದ ಮೇಲೆ ಬರೆ. ಎರಡನೆಯದು ಮೊದಲನೆಯದಕ್ಕಿಂತ ಕಡಿಮೆ ಇದ್ದರೆ ಆ ಕಾಲ್ ನಿನ್ನ ಪಾಲಿಗೆ ಮುಗಿದಂತೆ.

ಪ್ರೀತಿಯಿಂದ,
ಅಕ್ಕ

ನೇರ ಮಾತು

ಪತ್ರ ಚೆನ್ನಾಗಿದೆ, ಆದರೆ ವಿಷಯವನ್ನು ಅಗತ್ಯಕ್ಕಿಂತ ದೊಡ್ಡದು ಮಾಡಿದ್ದೀರಿ ಎಂದು ನನಗೆ ಅನ್ನಿಸುತ್ತದೆ. ಕಾಲ್‌ಗಳನ್ನು ಅನುಸರಿಸುವುದರಲ್ಲಿ ತಪ್ಪೇನೂ ಇಲ್ಲ, ಸ್ಟಾಪ್‌ಲಾಸ್ ಇಲ್ಲದಿರುವುದಷ್ಟೇ ತಪ್ಪು. 247ಕ್ಕೆ ಕೊಂಡವನು ತನ್ನ ಸ್ಟಾಪ್‌ಲಾಸನ್ನೂ ಏಳು ಅಂಕ ಮೇಲಕ್ಕೆ ಸರಿಸಿ 239ರಲ್ಲಿ ಇಟ್ಟುಕೊಂಡರೆ ಅವನ ನಷ್ಟವೂ ಎಂಟೇ ಅಂಕ ಆಗುತ್ತದೆ. ಟಾರ್ಗೆಟ್ 256 ಇರುವುದರಿಂದ ಲಾಭ ಒಂಬತ್ತು. ಕಾಲ್ ಕೊಟ್ಟವನಷ್ಟು ಅನುಕೂಲ ಇಲ್ಲದಿದ್ದರೂ ನೀವು ಹೇಳುವಷ್ಟು ಕೆಟ್ಟ ಲೆಕ್ಕವೂ ಅಲ್ಲ. ನಿಮ್ಮ ತಮ್ಮನಿಗೆ ಇದೊಂದನ್ನು ಕಲಿಸಿದರೆ ಸಾಕು.

ಕ್ಯಾಂಡಲ್ ಓದುಗ

ನೇರ ಮಾತು ಅವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ, ಉಳಿದರ್ಧವೇ ಹೊಸಬರ ಹಣವನ್ನು ತಿನ್ನುವುದು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸ್ಟಾಪ್‌ಲಾಸ್ ಆರ್ಡರ್ ಹಾಕಲೇಬೇಕು ಎಂಬುದು ಸರಿ. ಆದರೆ ಅದನ್ನು ಎಲ್ಲಿ ಇಡಬೇಕು ಎಂಬುದನ್ನು ನಿರ್ಧರಿಸುವುದು ಚಾರ್ಟೇ ಹೊರತು, ನೀವು ಕೊಂಡ ಬೆಲೆಯಲ್ಲ. ಎರಡು ತಿಂಗಳು ತಡೆದು ನಿಲ್ಲಿಸಿದ್ದ 240 ಒಮ್ಮೆ ದಾಟಿದ ಮೇಲೆ, ಬೆಲೆ ಹಲವು ಸಲ ಮತ್ತೆ ಅದೇ 240ರ ಹತ್ತಿರಕ್ಕೆ ಬಂದು, ಅಲ್ಲಿ ಕೊಳ್ಳುವವರು ಸಿಕ್ಕ ಮೇಲೆ ಮುಂದಕ್ಕೆ ಹೋಗುತ್ತದೆ. ಈ ರೀಟೆಸ್ಟ್ ಬ್ರೇಕೌಟಿನ ಸಹಜ ನಡಿಗೆಯೇ ಹೊರತು ಸೋಲಿನ ಲಕ್ಷಣವಲ್ಲ. ಲೆವೆಲ್ ಎಂಬುದು ಗೆರೆಯೂ ಅಲ್ಲ, ಅದೊಂದು ಪಟ್ಟಿ. ಇಲ್ಲಿ 238ರಿಂದ 241ರವರೆಗೆ ಎಂದು ಇಟ್ಟುಕೊಳ್ಳಬಹುದು. ನೀವು 239ರಲ್ಲಿ ಸ್ಟಾಪ್‌ಲಾಸ್ ಇಟ್ಟರೆ ಅದನ್ನು ಸರಿಯಾಗಿ ಆ ಪಟ್ಟಿಯ ನಡುವೆ ಇಟ್ಟಂತಾಯಿತು. ಕಾಲ್ ಸರಿಯಾಗಿದ್ದರೂ ಬೆಲೆ 238.50ಕ್ಕೆ ಬಂದು ನಿಮ್ಮನ್ನು ಹೊರಗೆ ಹಾಕಿ, ಆಮೇಲೆ 256ಕ್ಕೆ ಹೋಗಬಹುದು. ಕಾಗದದ ಮೇಲೆ ನಷ್ಟ ಎಂಟಕ್ಕೆ ಇಳಿಯಿತು, ಆದರೆ ಆ ನಷ್ಟ ಆಗುವ ಸಾಧ್ಯತೆ ಬಹಳ ಹೆಚ್ಚಿತು. 232ರ ಕೆಳಗೆ ಹೋದರೆ ಮಾತ್ರ ‘ಈ ಕಾಲ್ ತಪ್ಪು’ ಎಂದು ಚಾರ್ಟ್ ಹೇಳುತ್ತದೆ. 239 ಹೇಳುವುದು ‘ನೀವು ತಡವಾಗಿ ಕೊಂಡಿರಿ’ ಎಂಬುದನ್ನು ಮಾತ್ರ.

ಆದ್ದರಿಂದ 247ರಲ್ಲಿ ನಿಂತವನಿಗೆ ಎರಡೇ ದಾರಿ. ಸ್ಟಾಪ್‌ಲಾಸ್ 232ರಲ್ಲಿಯೇ ಇರಲಿ ಎಂದು ಷೇರಿನ ಸಂಖ್ಯೆಯನ್ನು ಕಡಿಮೆ ಮಾಡಬೇಕು, ಅಕ್ಕ ಬರೆದ 33ರ ಲೆಕ್ಕ ಅದೇ. ಇಲ್ಲವೇ ಆ ಕಾಲನ್ನು ಬಿಟ್ಟುಬಿಡಬೇಕು. ಮೇಲೆ 251ರ ಗೋಡೆ ಇರುವಾಗ ನಾನು ಬಿಟ್ಟುಬಿಡುತ್ತಿದ್ದೆ.

ಇನ್ನೊಂದು ಮಾತನ್ನು ಪತ್ರಕ್ಕೆ ಸೇರಿಸಬಹುದು. ಸ್ಟಾಪ್‌ಲಾಸ್ ಆರ್ಡರ್ ಇದ್ದರೂ 232ಕ್ಕೇ ಮಾರಾಟವಾಗುತ್ತದೆ ಎಂಬ ಖಾತರಿ ಇಲ್ಲ. ರಾತ್ರಿ ಕೆಟ್ಟ ಸುದ್ದಿ ಬಂದು ಬೆಳಿಗ್ಗೆ ಬೆಲೆ ನೇರವಾಗಿ 225ರಲ್ಲಿ ತೆರೆದರೆ, ಸಿಕ್ಕ ಬೆಲೆಗೆ ಮಾರುವ ಮಾರ್ಕೆಟ್ ಆರ್ಡರಾಗಿ ಹೋಗುವ ಸ್ಟಾಪ್‌ಲಾಸ್ 225ರ ಆಸುಪಾಸಿನಲ್ಲಿಯೇ ಮಾರುತ್ತದೆ. ಇಷ್ಟಕ್ಕಿಂತ ಕಡಿಮೆಗೆ ಮಾರಬಾರದು ಎಂದು ಲಿಮಿಟ್ ಇಟ್ಟ ಸ್ಟಾಪ್‌ಲಾಸ್ ಆದರೆ ಮಾರಾಟವೇ ಆಗದೆ ಉಳಿಯಬಹುದು. 33 ಷೇರು ಇದ್ದವನಿಗೆ ಅದು ನೋವು, ಬಂಡವಾಳವನ್ನೆಲ್ಲ ಹಾಕಿ 200 ಷೇರು ಕೊಂಡವನಿಗೆ ಅದು 4,400ದ ನಷ್ಟ.

ಮಲೆನಾಡ ಹುಡುಗಿ

ನನಗೂ ಹೀಗೆಯೇ ಆಗಿತ್ತು, ಆದರೆ ಕಾರಣ ಬೇರೆ. ನಾನು ತಡಮಾಡಿರಲಿಲ್ಲ. ಕಾಲ್ ಬಂದ ಕ್ಷಣದಲ್ಲಿಯೇ, ಹೇಳಿದ ಬೆಲೆಯಲ್ಲಿಯೇ ಕೊಂಡಿದ್ದೆ. ಮಧ್ಯಾಹ್ನದ ಹೊತ್ತಿಗೆ ಬೆಲೆ ಲೆವೆಲಿನ ಕೆಳಗೆ ಹೋಗಿ ಅಲ್ಲಿಯೇ ದಿನ ಮುಕ್ತಾಯವಾಯಿತು, ಎರಡು ದಿನಗಳಲ್ಲಿ ಸ್ಟಾಪ್‌ಲಾಸ್ ಕೂಡ ಮುಟ್ಟಿತು. ಗುಂಪಿನಲ್ಲಿ ಕೇಳಿದಾಗ ‘ಲೆವೆಲಿನ ಮೇಲೆ ಮುಕ್ತಾಯವಾದರೆ ಮಾತ್ರ ಕೊಳ್ಳಬೇಕಿತ್ತು’ ಎಂದರು. ಮೂಲ ಸಂದೇಶವನ್ನು ಹಿಂದಿರುಗಿ ನೋಡಿದರೆ ಅದರ ಕೊನೆಯ ಸಾಲಿನಲ್ಲಿ ಹಾಗೆ ಇತ್ತು, ಆದರೆ ನಾನು ಮೊದಲು ಓದಿದಾಗ ಆ ಸಾಲು ಇತ್ತೋ ಇಲ್ಲವೋ ಎಂದು ಈಗಲೂ ಹೇಳಲಾರೆ, ಸಂದೇಶವನ್ನು ತಿದ್ದಿರುವ ಗುರುತಂತೂ ಇತ್ತು. ಆದ್ದರಿಂದ ಅಕ್ಕನವರೇ, ಬೆಲೆ ಬೇಗ ಸಿಕ್ಕಿದರೆ ಎಲ್ಲವೂ ಸರಿ ಎಂಬ ಭಾವನೆ ನಿಮ್ಮ ಪತ್ರದಿಂದ ಬಾರದಂತೆ ನೋಡಿಕೊಳ್ಳಿ.

ಕ್ಯಾಂಡಲ್ ಓದುಗ

ಇದು ಮುಖ್ಯವಾದ ಮಾತು. ‘240ರ ಮೇಲೆ’ ಎಂಬ ಎರಡು ಪದಗಳಿಗೆ ಕನಿಷ್ಠ ಮೂರು ಅರ್ಥ ಸಾಧ್ಯ. ಒಂದು ಕ್ಷಣ 240 ದಾಟಿದರೂ ಸಾಕು ಎಂದಾಗಬಹುದು, ಹದಿನೈದು ನಿಮಿಷಗಳ ಬೆಲೆಯನ್ನು ಚಾರ್ಟಿನಲ್ಲಿ ತೋರಿಸುವ ಕ್ಯಾಂಡಲ್ ಅದರ ಮೇಲೆ ಮುಗಿಯಬೇಕು ಎಂದಾಗಬಹುದು, ಅಥವಾ ದಿನದ ಮುಕ್ತಾಯವೇ ಮೇಲಿರಬೇಕು ಎಂದಾಗಬಹುದು. ದಿನದ ಚಾರ್ಟಿನಲ್ಲಿ ರೂಪುಗೊಂಡ ಲೆವೆಲಿಗೆ ದಿನದ ಮುಕ್ತಾಯವನ್ನೇ ನೋಡುವುದು ವಾಡಿಕೆ. ಬೆಳಿಗ್ಗೆ ದಾಟಿ ಸಂಜೆಗೆ ಕೆಳಗೆ ಮುಗಿದರೆ ಕ್ಯಾಂಡಲಿನ ಮೇಲ್ಗಡೆ ಉದ್ದನೆಯ ಬತ್ತಿ ಉಳಿಯುತ್ತದೆ, ಮೇಲೆ ಕೊಂಡವರೆಲ್ಲ ಸಿಕ್ಕಿಕೊಂಡಿದ್ದಾರೆ ಎಂದು ಅದು ತೋರಿಸುತ್ತದೆ. ಕಾಲ್‌ನಲ್ಲಿ ಯಾವ ಕಾಲಾವಧಿಯ ಚಾರ್ಟ್ ಎಂಬುದೇ ಇಲ್ಲದಿದ್ದರೆ ಅದರ ಮೂರೂ ಸಂಖ್ಯೆಗಳು ಅರ್ಧ ಮಾಹಿತಿ ಅಷ್ಟೇ.

ಬ್ರೇಕೌಟ್ ಆದ ದಿನದ ವಾಲ್ಯೂಮನ್ನು ಅದರ ಹಿಂದಿನ ಇಪ್ಪತ್ತು ದಿನಗಳ ಸರಾಸರಿಯ ಜೊತೆ ಹೋಲಿಸಿ ನೋಡುವುದು ಕೂಡ ಒಳ್ಳೆಯದು. ಸರಾಸರಿಗಿಂತ ಕಡಿಮೆ ವಾಲ್ಯೂಮಿನಲ್ಲಿ ದಾಟಿದ ಲೆವೆಲನ್ನು ನಾನು ದಾಟಿದ್ದೆಂದು ಎಣಿಸುವುದಿಲ್ಲ.

ಹೊಸ ಹೂಡಿಕೆ

ಎಲ್ಲವನ್ನೂ ಓದಿದೆ. ನನ್ನ ಪ್ರಶ್ನೆ ಸರಳ. ಹಾಗಾದರೆ ಸರಿಯಾದ ಲೆವೆಲ್‌ಗಳನ್ನು ಕೊಡುವ ಒಳ್ಳೆಯ ಗುಂಪು ಯಾವುದು? ಹಣ ಕೊಟ್ಟು ಸೇರುವ ಗುಂಪಾದರೂ ಪರವಾಗಿಲ್ಲ, ತಿಳಿದವರು ಹೇಳಿ.

ದೊಡ್ಡಕ್ಕ

ನನ್ನ ಪತ್ರದ ಉದ್ದೇಶ ಅದಲ್ಲ. ಈ ಕಾಲ್‌ನ ಲೆವೆಲ್‌ಗಳು ಹೆಚ್ಚು ಕಡಿಮೆ ಸರಿಯಾಗಿಯೇ ಇದ್ದವು ಎಂದು ಪತ್ರದಲ್ಲಿಯೇ ಬರೆದಿದ್ದೇನೆ. ಸರಿಯಾದ ಲೆವೆಲ್ ಇದ್ದ ಕಾಲನ್ನು ನಕಲು ಮಾಡಿಯೂ ನನ್ನ ತಮ್ಮ ನಷ್ಟದಲ್ಲಿದ್ದಾನೆ. ಗುಂಪು ಬದಲಾಯಿಸಿದರೆ ಇದು ಬದಲಾಗುವುದಿಲ್ಲ.

ಸಂಖ್ಯಾಪ್ರಿಯ

ಹೊಸ ಹೂಡಿಕೆ ಅವರೇ, ಯಾವ ಗುಂಪಿನ ಹೆಸರನ್ನೂ ನಾನು ಹೇಳುವುದಿಲ್ಲ, ಆದರೆ ನೀವು ಈಗಾಗಲೇ ಇರುವ ಗುಂಪನ್ನು ಪರೀಕ್ಷಿಸುವ ಕ್ರಮವನ್ನು ಹೇಳಬಲ್ಲೆ. ಮುಂದಿನ ಇಪ್ಪತ್ತು ಕಾಲ್‌ಗಳಿಗೆ ಒಂದು ಪೈಸೆಯನ್ನೂ ಹಾಕಬೇಡಿ. ಪ್ರತಿ ಕಾಲ್ ಬಂದಾಗ ಸಂದೇಶದ ಸಮಯ, ಅದರಲ್ಲಿರುವ ಬೆಲೆ, ನೀವು ಅದನ್ನು ನೋಡಿದ ಸಮಯ, ಆಗ ಮಾರುಕಟ್ಟೆಯಲ್ಲಿ ಮಾರುವವರು ಕೇಳುತ್ತಿರುವ ಬೆಲೆ, ಇಷ್ಟನ್ನು ಬರೆದಿಡಿ. ಸಂದೇಶದ ಸ್ಕ್ರೀನ್‌ಶಾಟನ್ನೂ ಇಟ್ಟುಕೊಳ್ಳಿ, ಏಕೆಂದರೆ ಸೋತ ಕಾಲ್‌ಗಳನ್ನು ಅಳಿಸುವುದು ಕಷ್ಟವಲ್ಲ. ಆಮೇಲೆ ಸ್ಟಾಪ್‌ಲಾಸ್ ಮೊದಲು ಮುಟ್ಟಿತೋ, ಟಾರ್ಗೆಟ್ ಮೊದಲು ಮುಟ್ಟಿತೋ ಎಂದು ನೋಡಿ, ಅವರ ಬೆಲೆಯಲ್ಲಿ ಒಂದು ಮೊತ್ತ, ನಿಮ್ಮ ಬೆಲೆಯಲ್ಲಿ ಒಂದು ಮೊತ್ತ ಎಂದು ಎರಡು ಸಾಲು ಕೂಡಿಸಿ. ಗುಂಪು ತೋರಿಸುವುದು ಯಾವಾಗಲೂ ಮೊದಲ ಸಾಲನ್ನು. ನಿಮ್ಮ ಖಾತೆಗೆ ಬರುವುದು ಎರಡನೆಯದು.

ಅವರು ‘ಲಾಭ’ ಎಂದು ಎಣಿಸುವುದು ಹೇಗೆ ಎಂಬುದನ್ನೂ ಗಮನಿಸಿ. ಈ ಪತ್ರದ ಪ್ರಕರಣದಲ್ಲಿಯೇ ಟಾರ್ಗೆಟ್ 256 ಇತ್ತು, ಬೆಲೆ ಅಲ್ಲಿಗೆ ಹೋಗಲೇ ಇಲ್ಲ, ಆದರೂ ಅತಿ ಹೆಚ್ಚಿನ ಬೆಲೆಯಾದ 250ನ್ನು ಹಿಡಿದು 10 ಅಂಕ ಲಾಭ ಎಂದು ಘೋಷಿಸಿದ್ದಾರೆ. ಗೆದ್ದಾಗ ದಿನದ ಅತಿ ಮೇಲಿನ ಬೆಲೆ, ಸೋತಾಗ ಸ್ಟಾಪ್‌ಲಾಸ್ ಬೆಲೆ ಎಂದು ಎಣಿಸಿದರೆ ಯಾರ ದಾಖಲೆಯಾದರೂ ಅಂದವಾಗಿ ಕಾಣುತ್ತದೆ. 250ರಲ್ಲಿ ಮಾರಿ ಎಂದು ಬೆಲೆ ಅಲ್ಲಿದ್ದಾಗಲೇ ಸಂದೇಶ ಬಂದಿತ್ತೇ, ಅಕ್ಕ?

ದೊಡ್ಡಕ್ಕ

ಬಂದಿರಲಿಲ್ಲ. ಸ್ಕ್ರೀನ್‌ಶಾಟಿನಲ್ಲಿ ಆ ಸಂದೇಶದ ಸಮಯ 11.20. ನಿಮಿಷದ ಚಾರ್ಟ್ ನೋಡಿದರೆ 250 ಮುಟ್ಟಿದ್ದು 10.50ರ ಸುಮಾರಿಗೆ. ಸಂದೇಶ ಬರುವ ಹೊತ್ತಿಗೆ ಬೆಲೆ ಆಗಲೇ 246ಕ್ಕೆ ಇಳಿದಿತ್ತು.

ಆರ್ಡರ್ ಪುಸ್ತಕ

ಇಲ್ಲಿಯವರೆಗೆ ಯಾರೂ ಕೇಳದ ಪ್ರಶ್ನೆಯೊಂದಿದೆ. ಹತ್ತೊಂಬತ್ತು ನಿಮಿಷಗಳಲ್ಲಿ ಏಳು ಅಂಕ ಏರಿಸಿದವರು ಯಾರು? ಆ ಷೇರಿನ ದಿನದ ಸರಾಸರಿ ವಾಲ್ಯೂಮ್ ಎಷ್ಟು, ಗುಂಪಿನಲ್ಲಿ ಎಷ್ಟು ಮಂದಿ ಇದ್ದಾರೆ ಎಂಬುದನ್ನು ಹೇಳಬಲ್ಲಿರಾ?

ದೊಡ್ಡಕ್ಕ

ಸರಾಸರಿ ದಿನಕ್ಕೆ ಸುಮಾರು 40,000 ಷೇರು. ಗುಂಪಿನಲ್ಲಿ 30,000ಕ್ಕೂ ಹೆಚ್ಚು ಮಂದಿ ಇದ್ದಾರೆ ಎಂದು ಅದರ ಮುಖಪುಟದಲ್ಲಿ ಕಾಣುತ್ತದೆ.

ಆರ್ಡರ್ ಪುಸ್ತಕ

ಹಾಗಾದರೆ ಉತ್ತರ ಅಲ್ಲಿಯೇ ಇದೆ. ಅಷ್ಟು ಜನರಲ್ಲಿ ನೂರೇ ಮಂದಿ ನಿಮ್ಮ ತಮ್ಮನ ಹಾಗೆ ತಲಾ 200 ಷೇರು ಕೊಂಡರೂ 20,000 ಷೇರಾಯಿತು, ಅದು ಇಡೀ ದಿನದ ವಾಲ್ಯೂಮಿನ ಅರ್ಧ. ಅಷ್ಟು ಕೊಳ್ಳುವಿಕೆ ಅರ್ಧ ಗಂಟೆಯೊಳಗೆ ಮಾರ್ಕೆಟ್ ಆರ್ಡರುಗಳಾಗಿ ಬಂದರೆ 241ರಲ್ಲಿ ಮಾರುವವರು ಮುಗಿಯುತ್ತಾರೆ, 242ರವರು ಮುಗಿಯುತ್ತಾರೆ, ಹೀಗೆ ಬೆಲೆ ಒಂದೊಂದೇ ಮೆಟ್ಟಿಲು ಏರಿ 247ಕ್ಕೆ ಬರುತ್ತದೆ. ಕಂಪನಿಯಲ್ಲಿ ಏನೂ ಬದಲಾಗಿರುವುದಿಲ್ಲ, ಹೊರಗಿನ ಯಾವ ದೊಡ್ಡ ಹೂಡಿಕೆದಾರನೂ ಬಂದಿರುವುದಿಲ್ಲ. ಕೊಂಡವರೇ ಏರಿಸಿದ ಬೆಲೆ ಅದು. ಅವರ ಕೊಳ್ಳುವಿಕೆ ಮುಗಿದ ಮೇಲೆ ಅಲ್ಲಿ ಅದನ್ನು ಹಿಡಿದು ನಿಲ್ಲಿಸುವವರು ಯಾರೂ ಇರುವುದಿಲ್ಲ.

ಆ 20,000 ಷೇರುಗಳನ್ನು ಯಾರಾದರೂ ಮಾರಲೇಬೇಕಲ್ಲವೇ? ಸಂದೇಶ ಬರುವ ಮೊದಲೇ ಕೊಂಡಿದ್ದವರಿಗೆ ಮಾರಲು ಅದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ಈ ಗುಂಪಿನವರು ಹಾಗೆ ಮಾಡಿದ್ದಾರೆ ಎಂದು ನಾನು ಹೇಳುತ್ತಿಲ್ಲ, ಅದಕ್ಕೆ ನಮ್ಮ ಬಳಿ ಪುರಾವೆ ಇಲ್ಲ. ಆದರೆ ಈ ತಂತ್ರ ಸಾಮಾಜಿಕ ಜಾಲತಾಣಗಳಿಗಿಂತಲೂ ಹಳೆಯದು. 2000ದ ಸೆಪ್ಟೆಂಬರಿನಲ್ಲಿ ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಕ ಸಂಸ್ಥೆ 15 ವರ್ಷದ ಹುಡುಗನೊಬ್ಬನ ಮೇಲೆ ಕ್ರಮ ಕೈಗೊಂಡಿತ್ತು. ಅವನು ಕಡಿಮೆ ವಾಲ್ಯೂಮಿನ ಷೇರುಗಳನ್ನು ಮೊದಲು ತಾನು ಕೊಂಡು, ಆಮೇಲೆ ಅಂತರ್ಜಾಲದ ಚರ್ಚಾ ಪುಟಗಳಲ್ಲಿ ಬೇರೆ ಬೇರೆ ಹೆಸರುಗಳಿಂದ ಅವುಗಳನ್ನು ಹೊಗಳಿ ನೂರಾರು ಸಂದೇಶಗಳನ್ನು ಹಾಕಿ, ಬೆಲೆ ಏರಿದಾಗ ಮಾರುತ್ತಿದ್ದ ಎಂಬುದು ಆರೋಪ. ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ, ಬಡ್ಡಿಯೂ ಸೇರಿ 2,85,000 ಡಾಲರ್ ಹಿಂದಿರುಗಿಸಲು ಒಪ್ಪಿ ಪ್ರಕರಣ ಮುಗಿಯಿತು. ಅವನು ಆರಿಸಿಕೊಂಡದ್ದು ಕಡಿಮೆ ವಾಲ್ಯೂಮಿನ ಷೇರುಗಳನ್ನೇ ಎಂಬುದನ್ನು ಗಮನಿಸಿ. ದಿನಕ್ಕೆ ಕೋಟ್ಯಂತರ ಷೇರು ಕೈಬದಲಾಗುವ ಕಡೆ ಒಂದು ಗುಂಪಿನ ಕೊಳ್ಳುವಿಕೆ ಬೆಲೆಯನ್ನು ಅಲುಗಾಡಿಸುವುದೂ ಇಲ್ಲ.

ಆದ್ದರಿಂದ ಪತ್ರದಲ್ಲಿ ಒಂದು ಸಾಲು ಸೇರಿಸಿ: ಕಾಲ್ ಬಂದ ಷೇರಿನ ಸರಾಸರಿ ವಾಲ್ಯೂಮ್ ನೋಡು, ಆಮೇಲೆ ಆರ್ಡರ್ ಪುಸ್ತಕದಲ್ಲಿ ಕೊಳ್ಳುವವರ ಮೇಲಿನ ಬೆಲೆಗೂ ಮಾರುವವರ ಕೆಳಗಿನ ಬೆಲೆಗೂ ಎಷ್ಟು ಅಂತರವಿದೆ ಎಂದು ನೋಡು. ಅಂತರ ಅಗಲವಾಗಿದ್ದರೆ ಹೊರಬರುವಾಗಲೂ ಅದೇ ತೊಂದರೆ ಕಾದಿರುತ್ತದೆ.

ನೇರ ಮಾತು

ರೀಟೆಸ್ಟ್ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ, 239 ಸರಿಯಾದ ಜಾಗವಲ್ಲ. ಆದರೆ ಅದರಿಂದಲೇ ಒಂದು ಸುಲಭ ಪರಿಹಾರವೂ ಸಿಗುತ್ತದೆಯಲ್ಲ? ಬೆಲೆ ಮತ್ತೆ 240ಕ್ಕೆ ಬರುತ್ತದೆ ಎಂದಾದರೆ 247ರ ಹಿಂದೆ ಓಡುವ ಬದಲು 240ರಲ್ಲಿ ಲಿಮಿಟ್ ಆರ್ಡರ್ ಹಾಕಿ ಕಾಯಬಹುದು. ಸಿಕ್ಕಿದರೆ ಕಾಲ್ ಕೊಟ್ಟವನ ಬೆಲೆಯೇ ನಮಗೂ ಸಿಗುತ್ತದೆ, ಸಿಗದಿದ್ದರೆ ಕಳೆದುಕೊಂಡದ್ದು ಏನೂ ಇಲ್ಲ.

ಸಂಖ್ಯಾಪ್ರಿಯ

ಕೇಳುವುದಕ್ಕೆ ಸೊಗಸಾಗಿದೆ, ಆದರೆ ಇದರಲ್ಲಿ ಕಣ್ಣಿಗೆ ಕಾಣದ ಒಂದು ಜರಡಿ ಇದೆ. ಮೇಲೆ ಹೋದ ಕಾಲ್‌ಗಳಲ್ಲಿ ಕೆಲವು 240ಕ್ಕೆ ಹಿಂದಿರುಗದೆ ನೇರವಾಗಿ 256ಕ್ಕೆ ಹೋಗುತ್ತವೆ, ಅವು ನಿಮಗೆ ಸಿಗುವುದಿಲ್ಲ. ಸೋಲುವ ಕಾಲ್‌ಗಳಾದರೋ 232ಕ್ಕೆ ಹೋಗುವ ದಾರಿಯಲ್ಲಿ 240ನ್ನು ಮುಟ್ಟಿಯೇ ಹೋಗಬೇಕು, ರಾತ್ರೋರಾತ್ರಿ ಬೆಲೆ ಜಿಗಿದರೂ ನಿಮ್ಮ ಆರ್ಡರ್ ತುಂಬಿಯೇ ತುಂಬುತ್ತದೆ. ಅಂದರೆ ಸೋಲುವವೆಲ್ಲ ನಿಮ್ಮ ಕೈಗೆ ಬರುತ್ತವೆ, ಗೆಲ್ಲುವವುಗಳಲ್ಲಿ ಕೆಲವು ಮಾತ್ರ ಬರುತ್ತವೆ. ಗುಂಪು ಹತ್ತರಲ್ಲಿ ಐದು ಗೆದ್ದರೆ, ಆ ಐದರಲ್ಲಿ ಎರಡು ಹಿಂದಿರುಗದೆ ಹೋದವು ಎಂದಿಟ್ಟುಕೊಳ್ಳಿ. ನಿಮಗೆ ಸಿಕ್ಕ ಎಂಟರಲ್ಲಿ ಗೆದ್ದದ್ದು ಮೂರು. 240ರ ಬೆಲೆಯಲ್ಲಿ ಮೂರು ಗೆದ್ದರೆ 48 ಲಾಭ, ಐದು ಸೋತರೆ 40 ನಷ್ಟ, ಉಳಿಯುವುದು 8. ಕಾಲ್ ಕೊಟ್ಟವನಿಗೆ ಅದೇ ಹತ್ತರಲ್ಲಿ 40 ಉಳಿಯುತ್ತದೆ. 247ಕ್ಕೆ ಕೊಳ್ಳುವುದಕ್ಕಿಂತ ಇದು ಉತ್ತಮವೇ, ಆದರೆ ‘ಕಾಲ್ ಕೊಟ್ಟವನ ಬೆಲೆಯೇ ನಮಗೂ ಸಿಕ್ಕಿತು’ ಎಂಬುದು ಅವನ ಫಲಿತಾಂಶವೇ ನಮಗೂ ಸಿಕ್ಕಿತು ಎಂದಾಗುವುದಿಲ್ಲ.

ಕ್ಯಾಂಡಲ್ ಓದುಗ

ಈ ಲೆಕ್ಕವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಬರಿಯ ಲಿಮಿಟ್ ಆರ್ಡರ್ ಹಾಕಿ ಮಲಗಿದರೆ ನೀವು ಹೇಳಿದಂತೆಯೇ ಆಗುತ್ತದೆ. ಆದರೆ ಬೆಲೆ 240ರ ಪಟ್ಟಿಗೆ ಬಂದ ಮೇಲೆ ಅಲ್ಲಿ ನಿಂತು ತಿರುಗಿದ ಕ್ಯಾಂಡಲ್ ಮುಗಿಯುವವರೆಗೆ ಕಾದು, ಆಮೇಲೆ 241ಕ್ಕೋ 242ಕ್ಕೋ ಕೊಂಡರೆ, ನೇರವಾಗಿ ಕೆಳಗೆ ಬೀಳುವವುಗಳಲ್ಲಿ ಹಲವು ತಪ್ಪುತ್ತವೆ.

ಸಂಖ್ಯಾಪ್ರಿಯ

ಹಲವು ತಪ್ಪುತ್ತವೆ, ಆದರೆ ತಿರುಗಿದಂತೆ ಮಾಡಿ ಬೀಳುವವೂ ಉಂಟು, ಮತ್ತು ನೀವು ಕೊಡುವ ಆ ಒಂದೆರಡು ಅಂಕಗಳೂ ಲೆಕ್ಕಕ್ಕೆ ಬರುತ್ತವೆ. ನಿಮ್ಮ ಕಣ್ಣಿಗೆ ಅದು ಸಾಧ್ಯವಿರಬಹುದು. ಚಾರ್ಟನ್ನೇ ತೆರೆಯದ ಹುಡುಗನಿಗೆ ಸಾಧ್ಯವೇ ಎಂಬ ಸಂದೇಹ ನನಗಿದೆ.

ದೊಡ್ಡಕ್ಕ

ಎಲ್ಲರಿಗೂ ಕೃತಜ್ಞತೆಗಳು. ವಾಲ್ಯೂಮಿನ ಮಾತನ್ನೂ, ಮುಕ್ತಾಯದ ಬೆಲೆಯ ಮಾತನ್ನೂ, ಸ್ಟಾಪ್‌ಲಾಸನ್ನು ನಾವು ಕೊಂಡ ಬೆಲೆಗೆ ತಕ್ಕಂತೆ ಸರಿಸಬಾರದು ಎಂಬುದನ್ನೂ ಸೇರಿಸುತ್ತೇನೆ. ಉಳಿದಿರುವುದು ಅವನ ಕೈಯಲ್ಲಿ ಈಗ ಇರುವ 200 ಷೇರುಗಳು. ಬೆಲೆ 241. ‘247 ಬಂದರೆ ಮಾರುತ್ತೇನೆ’ ಎನ್ನುತ್ತಿದ್ದಾನೆ. ಅವನಿಗೆ ಏನು ಹೇಳಲಿ?

ಕ್ಯಾಂಡಲ್ ಓದುಗ

247 ಎಂಬ ಲೆವೆಲ್ ಚಾರ್ಟಿನಲ್ಲಿ ಎಲ್ಲಿಯೂ ಇಲ್ಲ, ಅದು ಅವನ ಖಾತೆಯಲ್ಲಿ ಮಾತ್ರ ಇದೆ. ಇಂದು 241ಕ್ಕೆ, 232ರ ಸ್ಟಾಪ್‌ಲಾಸ್ ಇಟ್ಟು, ಹೊಸದಾಗಿ ಕೊಳ್ಳುವುದಾದರೆ ಎಷ್ಟು ಕೊಳ್ಳುತ್ತಿದ್ದೆ ಎಂದು ಕೇಳಿ. ದೂರ 9 ಅಂಕ, 500ನ್ನು 9ರಿಂದ ಭಾಗಿಸಿದರೆ 55 ಷೇರು. ಉಳಿದ 145ನ್ನು ಇಂದೇ ಮಾರಿದರೆ 870 ನಷ್ಟ. ಇಟ್ಟುಕೊಂಡ 55ಕ್ಕೆ ಸ್ಟಾಪ್‌ಲಾಸ್ ಮುಟ್ಟಿದರೆ 825. ಒಟ್ಟು 1,695, ಈಗಿನ ಸ್ಥಿತಿಯಲ್ಲಿ ಕಾದಿರುವ 3,000ಕ್ಕಿಂತ ಬಹಳ ಕಡಿಮೆ. ಬೆಲೆ ಸದ್ಯ ರೀಟೆಸ್ಟ್ ಪಟ್ಟಿಯಲ್ಲಿಯೇ ಇರುವುದರಿಂದ ಆ 55ಕ್ಕೆ ಅವಕಾಶ ಕೊಡುವುದು ತಪ್ಪಲ್ಲ.

ಆರ್ಡರ್ ಪುಸ್ತಕ

ನಾನಾದರೆ 200ನ್ನೂ ಮಾರಲು ಹೇಳುತ್ತೇನೆ. 1,200 ಹೋಗುತ್ತದೆ, ಅಲ್ಲಿಗೆ ಮುಗಿಯುತ್ತದೆ. ಕೊಂಡ ಕಾರಣ ಅವನದ್ದಲ್ಲ, ಏರಿಸಿದ ಕೊಳ್ಳುವಿಕೆ ಗುಂಪಿನದು, ಮೇಲೆ 251ರಲ್ಲಿ ಹಳೆಯ ಮಾರಾಟಗಾರರು, ನಡುವೆ 247ರಲ್ಲಿ ಅವನ ಹಾಗೆಯೇ ಸಿಕ್ಕಿಕೊಂಡು ‘ಅಸಲು ಬಂದರೆ ಸಾಕು’ ಎಂದು ಕಾಯುವ ಹೊಸ ಮಾರಾಟಗಾರರು. ಈ ಎರಡನೆಯ ಗುಂಪು ಕಳೆದ ವಾರ ಇರಲಿಲ್ಲ, ಈಗ ಇದೆ. ಮಾರುವಾಗ ಮಾತ್ರ 200ನ್ನೂ ಒಂದೇ ಮಾರ್ಕೆಟ್ ಆರ್ಡರಿನಲ್ಲಿ ಹಾಕದಿರಲಿ. ಇಷ್ಟು ಕಡಿಮೆ ವಾಲ್ಯೂಮಿನ ಷೇರಿನಲ್ಲಿ ಕೊಳ್ಳುವವರ ಮೊದಲ ಸಾಲಿನಲ್ಲಿ ಎಷ್ಟು ಷೇರಿಗೆ ಬೇಡಿಕೆ ಇದೆ ಎಂದು ನೋಡಿ, ಲಿಮಿಟ್ ಇಟ್ಟು ಎರಡು ಮೂರು ಭಾಗಗಳಲ್ಲಿ ಮಾರಲಿ.

ದೊಡ್ಡಕ್ಕ

ಎರಡೂ ಲೆಕ್ಕಗಳನ್ನು ಹಾಗೆಯೇ ಪತ್ರದ ಕೊನೆಗೆ ಬರೆಯುತ್ತೇನೆ, ಯಾವುದನ್ನು ಆರಿಸಬೇಕೆಂಬುದನ್ನು ಅವನಿಗೇ ಬಿಡುತ್ತೇನೆ. 232ರ ಸ್ಟಾಪ್‌ಲಾಸ್ ಆರ್ಡರನ್ನು ಮಾತ್ರ ನಾಳೆ ಮಾರುಕಟ್ಟೆ ತೆರೆಯುವ ಮೊದಲೇ ಹಾಕುವಂತೆ ಇಂದು ರಾತ್ರಿಯೇ ಫೋನ್ ಮಾಡಿ ಹೇಳುತ್ತೇನೆ, ಪತ್ರ ತಲುಪುವವರೆಗೆ ಅದು ಕಾಯುವಂಥದ್ದಲ್ಲ.